ಎಲ್ಲ ಲೇಖಕರೂ ಓದಿ ಒಪ್ಪಿದ್ದಾರೆ

ಆ ಎರಡು ವಾಕ್ಯಗಳನ್ನು ಪೆನ್ಸಿಲ್ ಬೇರೆ ಯಾರದೋ ಲೇಖನದಿಂದ ಎತ್ತಿಕೊಂಡು ಬಂದಿದ್ದಳು. ‘ಭಾಷೆಯನ್ನು ಸುಧಾರಿಸಲು ಎಐ ಉಪಕರಣವನ್ನು ಬಳಸಲಾಗಿದೆ. ಎಲ್ಲ ಲೇಖಕರೂ ಓದಿ ಒಪ್ಪಿದ್ದಾರೆ.’ ಕದ್ದೆ ಅಂತ ಅವಳಿಗೆ ಎಳ್ಳಷ್ಟೂ ಅನ್ನಿಸಿರಲಿಲ್ಲ. ಈಗ ಯಾವ ಜರ್ನಲ್ ಬಿಡಿಸಿದರೂ ಲೇಖನದ ತುದಿಯಲ್ಲಿ, ಉಲ್ಲೇಖಗಳ ಪಟ್ಟಿಗೆ ಸ್ವಲ್ಪ ಮುಂಚೆ, ಇಂಥದ್ದೇ ಎರಡು ವಾಕ್ಯ ಕೂತಿರುತ್ತವೆ. ಬರೆದವರೂ ಯೋಚಿಸಿ ಬರೆದಿರುವುದಿಲ್ಲ, ಓದುವವರೂ ಅಲ್ಲಿ ನಿಲ್ಲುವುದಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋದಷ್ಟೇ ಅಭ್ಯಾಸದ ಸಂಗತಿ.

ಪೆನ್ಸಿಲ್ ಅನ್ನುವುದು ಅವಳ ನಿಜವಾದ ಹೆಸರಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ. ವೈದ್ಯಕೀಯ ಕಾಲೇಜಿನ ಶ್ರವಣ ವಿಭಾಗಕ್ಕೆ ಸಂಶೋಧನೆಗೆ ಬಂದ ಹೊಸತರಲ್ಲಿ, ತುರುಬಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಅದೇ ಪೆನ್ಸಿಲನ್ನು ಇಡೀ ಕೋಣೆಯಲ್ಲಿ ಹುಡುಕುತ್ತಿದ್ದವಳಿಗೆ ಅವಳ ಮೇಷ್ಟ್ರು ಇಟ್ಟ ಹೆಸರು. ಈಗ ಅವಳಿಗೆ ಮೂವತ್ತಾರು. ಅಲ್ಲೇ ಪಾಠ ಮಾಡುತ್ತಾಳೆ, ವಿದ್ಯಾರ್ಥಿಗಳು ಬೆನ್ನ ಹಿಂದೆ ಪೆನ್ಸಿಲ್ ಮೇಡಂ ಅನ್ನುತ್ತಾರೆ, ಅವಳಿಗೆ ಅದು ಗೊತ್ತು.

ಲೇಖನ ಮೂರು ಜನರದ್ದು. ಮೊದಲ ಹೆಸರು ಅವಳದು. ನಡುವಿನದು ಕಿವಿ ಪರೀಕ್ಷೆಯ ಗಾಜಿನ ಬೂತಿನಲ್ಲಿ ಇಪ್ಪತ್ತು ವರ್ಷದಿಂದ ಕೂತಿರುವ ತಂತ್ರಜ್ಞನದು. ಅವನನ್ನು ಎಲ್ಲರೂ ಬೂತಣ್ಣ ಅನ್ನುತ್ತಾರೆ. ಕೊನೆಯ ಹೆಸರು ಮೇಷ್ಟ್ರದು. ಇಂಥ ಲೇಖನಗಳಲ್ಲಿ ಕೊನೆಯ ಹೆಸರೆಂದರೆ ಮನೆಯ ಯಜಮಾನ ಇದ್ದ ಹಾಗೆ. ನೂಲಿನ ಗಿರಣಿಯೊಂದರ ಇನ್ನೂರ ಹದಿನಾಲ್ಕು ಕೆಲಸಗಾರರ ಕಿವಿಯನ್ನು ಹನ್ನೊಂದು ವರ್ಷ, ವರ್ಷಕ್ಕೊಂದು ಸಲ, ಬಿಡದೆ ಪರೀಕ್ಷೆ ಮಾಡಿಸಿದವರು ಅವರು. ಯಂತ್ರದ ಸದ್ದಿನಿಂದ ಬಂದ ಕೂಡಲೇ ಕಿವಿ ಪರೀಕ್ಷೆ ಮಾಡಿದರೆ ಲೆಕ್ಕ ತಪ್ಪುತ್ತದೆ ಎಂದು ವಾರದ ರಜೆಯ ದಿನ ಒಬ್ಬೊಬ್ಬರ ಮನೆ ಬಾಗಿಲು ತಟ್ಟಿ ಕರೆತಂದವರು. ಎರಡು ವರ್ಷದ ಹಿಂದೆ ನಿವೃತ್ತರಾದರು. ಈ ಲೇಖನ ಒಂದು ಹೊರಬರಬೇಕು, ಆಮೇಲೆ ಕೈ ತೊಳೆದುಕೊಂಡು ಕೂರುತ್ತೇನೆ ಅಂತ ಹೇಳಿಕೊಂಡೇ ಹೋದರು.

ಜರ್ನಲ್‌ನವರು ಲೇಖನವನ್ನು ಹೆಚ್ಚುಕಡಿಮೆ ಒಪ್ಪಿದ್ದರು. ವಿಮರ್ಶಕರು ಕೇಳಿದ ಹಾಗೆ ಲೆಕ್ಕಾಚಾರವನ್ನು ಹೊಸ ವಿಧಾನದಲ್ಲಿ ಮತ್ತೆ ಮಾಡಿಸಿ ಕಳಿಸಿದ್ದೂ ಆಗಿತ್ತು. ಇನ್ನೇನು ಅಚ್ಚಿಗೆ ಹೋಗಬೇಕು ಅನ್ನುವಾಗ ಸಂಪಾದಕೀಯ ಕಚೇರಿಯಿಂದ ಒಂದು ಮೇಲ್ ಬಂತು. ಬರೆದಾಕೆ ಸಹಾಯಕ ಸಂಪಾದಕಿ, ಬಲು ಸೌಜನ್ಯದವಳು, ಅಷ್ಟೇ ಹಟದವಳು.

‘ನಿಮ್ಮ ಎಐ ಹೇಳಿಕೆಯಿಂದ ನಮಗೆ ಏನೂ ತಿಳಿಯುತ್ತಿಲ್ಲ’ ಎಂದು ಆಕೆ ಬರೆದಿದ್ದಳು. ‘ಭಾಷೆ ತಿದ್ದಲು, ಲೇಖಕರ ಸ್ವಂತ ಟಿಪ್ಪಣಿಗಳನ್ನು ವಾಕ್ಯಗಳಾಗಿ ಜೋಡಿಸಲು ನಮ್ಮಲ್ಲಿ ಅನುಮತಿ ಇದೆ, ಬಳಸಿದ್ದು ತಪ್ಪೇನಲ್ಲ. ಆದರೆ ಯಾವ ಉಪಕರಣ, ಯಾವ ಆವೃತ್ತಿ, ಯಾವಾಗ, ಲೇಖನದ ಯಾವ ಭಾಗದಲ್ಲಿ, ಯಾವ ಕೆಲಸಕ್ಕೆ ಎಂದು ದಯವಿಟ್ಟು ಹೇಳಿ. ಬಂದ ಪಠ್ಯವನ್ನು ಮೂಲದೊಂದಿಗೆ ಹೇಗೆ ಹೋಲಿಸಿ ನೋಡಿದಿರಿ ಎಂದೂ ಹೇಳಿ. ಲೇಖಕರೆಲ್ಲರೂ ಅಂತಿಮ ಪಠ್ಯವನ್ನು ತಿಳಿದು ಒಪ್ಪಿ ಅದರ ಹೊಣೆ ಹೊತ್ತಿದ್ದಾರೆ ಎಂದು ಪ್ರತಿಯೊಬ್ಬರೂ ತಾವೇ ತಿಳಿಸಬೇಕು. ಹತ್ತು ದಿನ ಸಮಯವಿದೆ.’

ಪೆನ್ಸಿಲ್‌ಗೆ ಮುಖಕ್ಕೆ ಹೊಡೆದ ಹಾಗಾಯಿತು. ಪಾಠ ಮಾಡುವವಳಿಗೇ ಯಾರೋ ‘ಮತ್ತೆ ಬರೆದು ತಾ’ ಅಂದ ಹಾಗೆ. ಆದರೂ ಕೂತು ತನ್ನ ಪಾಲಿನದನ್ನು ನೆನಪು ಮಾಡಿಕೊಂಡಳು. ಪೀಠಿಕೆಯ ನಾಲ್ಕು ಪ್ಯಾರಾಗಳ ಭಾಷೆಯನ್ನು ತಾನು ಎಐಗೆ ಕೊಟ್ಟು ತಿದ್ದಿಸಿದ್ದು ಫೆಬ್ರವರಿಯಲ್ಲಿ. ಯಾವ ಆವೃತ್ತಿ ಎಂದು ಖಾತೆ ತೆರೆದು ನೋಡಿ ಬರೆದಿಟ್ಟಳು. ಆಮೇಲೆ ಬೂತಿನ ಬಾಗಿಲು ತಟ್ಟಿದಳು.

“ನೀವು ಎಐ ಏನಾದ್ರೂ ಬಳಸಿದ್ರಾ ಅಣ್ಣ?”

“ನಾನಾ? ನಾನು ಬರೆದಿರೋದೇ ಒಂದು ಪುಟ, ಯಂತ್ರ ಹೇಗೆ ಸರಿಹೊಂದಿಸ್ತೀವಿ ಅಂತ. ಅದನ್ನೂ ನೀವೇ ಮೂರು ಸಲ ಕೆಂಪು ಮಾಡಿದ್ರಿ. ಅಷ್ಟು ಬೈಸ್ಕೊಳ್ಳೋಕೆ ಎಐ ಯಾಕೆ ಬೇಕು?”

ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ, “ಚರ್ಚೆ ಭಾಗ ಸರ್ ಬರೆದಿದ್ದಲ್ವಾ, ಅವರನ್ನ ಕೇಳಿ” ಅಂದ.

ಅದೇ ಅವಳಿಗೆ ಒಳಗೊಳಗೇ ಕಸಿವಿಸಿಯಾಗಿದ್ದ ಮಾತು. ಹೋದ ವರ್ಷದ ಕೊನೆಯಲ್ಲಿ ಮೇಷ್ಟ್ರು ಆರು ದಿನ ಆಸ್ಪತ್ರೆಯಲ್ಲಿದ್ದರು. ರಕ್ತದೊತ್ತಡ ಏರಿತ್ತು, ಈಗ ಪರವಾಗಿಲ್ಲ ಎಂದು ಅವರ ಹೆಂಡತಿ ಎಲ್ಲರಿಗೂ ಹೇಳಿದ್ದರು. ಆಮೇಲೆ ಫೋನ್ ಮಾಡಿದಾಗಲೆಲ್ಲ ಎತ್ತುತ್ತಿದ್ದವರು ಹೆಂಡತಿಯೇ. ‘ಮಲಗಿದ್ದಾರೆ’, ‘ಸ್ನಾನಕ್ಕೆ ಹೋಗಿದ್ದಾರೆ’. ಇಷ್ಟೊಂದು ಸ್ನಾನ ಮಾಡುವ ಮನುಷ್ಯ ಅವರಲ್ಲ. ಆದರೆ ಏಪ್ರಿಲ್‌ನಲ್ಲಿ ಚರ್ಚೆಯ ಭಾಗ, ಅಂದರೆ ಫಲಿತಾಂಶದ ಅರ್ಥ ಬಿಡಿಸಿ ಹೇಳುವ ಭಾಗ, ಮೇಲ್‌ನಲ್ಲಿ ಬಂದುಬಿಟ್ಟಿತು, ಐದು ಪುಟ, ಒಂದು ಅಕ್ಷರ ಅತ್ತಿತ್ತ ಇಲ್ಲದ ಹಾಗೆ. ಓದಿದ ಪೆನ್ಸಿಲ್ ‘ಸರ್ ಕೈ ಇನ್ನೂ ಏನು ಚೆನ್ನಾಗಿ ಓಡ್ತಿದೆ’ ಎಂದು ಖುಷಿಪಟ್ಟಿದ್ದಳು. ಖುಷಿ ಬಂದಾಗ ಮನುಷ್ಯ ಅನುಮಾನವನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ.

ಮಾರನೆಯ ದಿನ ಬೆಳಗ್ಗೆ ಅವಳು ಮೇಷ್ಟ್ರ ಮನೆಗೆ ಹೋದಳು. ಎರಡನೇ ಮಹಡಿ, ಕಿರಿದಾದ ಹಜಾರ, ಮೂರು ಗೋಡೆಗೂ ಪುಸ್ತಕದ ಕಪಾಟು. ಮೇಷ್ಟ್ರು ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ಸೊರಗಿದ್ದರು ನಿಜ, ಆದರೆ ಗಡ್ಡ ನುಣ್ಣಗೆ ತೆಗೆದಿತ್ತು, ಅಂಗಿ ಇಸ್ತ್ರಿಯಾಗಿತ್ತು. ಅವಳನ್ನು ಕಂಡು ಮುಖ ಅರಳಿತು.

“ಪೆನ್ಸಿಲ್. ಬಾ. ಬಾ.”

ಅವಳು ಕುಶಲ ವಿಚಾರಿಸಿದಳು. ಅವರು ತಲೆಯಾಡಿಸಿದರು. ಆಮೇಲೆ ಅವಳು ಸಂಪಾದಕಿಯ ಮೇಲ್‌ನ ಮುದ್ರಿತ ಪ್ರತಿಯನ್ನು ಅವರ ಕೈಗೆ ಕೊಟ್ಟಳು. “ಸರ್, ಇವರು ಹೀಗೆ ಕೇಳಿದ್ದಾರೆ. ಓದಿ ಹೇಳಿ, ಚರ್ಚೆ ಭಾಗದಲ್ಲಿ ಏನು ಬರೆಯೋಣ?”

ಮೇಷ್ಟ್ರು ಹಾಳೆಯನ್ನು ಹಿಡಿದುಕೊಂಡರು. ಕನ್ನಡಕ ಸರಿಮಾಡಿಕೊಂಡರು. ಕಣ್ಣು ಮೇಲಿಂದ ಕೆಳಗೆ ನಿಧಾನವಾಗಿ ಇಳಿಯಿತು. ಓದುವವರ ಕಣ್ಣು ಅಡ್ಡಡ್ಡ ಓಡಬೇಕು. ಇವರದು ಗೋಡೆಯ ಚಿತ್ರ ನೋಡುವವರ ಹಾಗೆ ಇಡೀ ಹಾಳೆಯ ಮೇಲೆ ನಿಂತಿತ್ತು. ಸಾಕಷ್ಟು ಹೊತ್ತು ಹಿಡಿದುಕೊಂಡಿದ್ದು, ಮಡಚಿ ಅವಳಿಗೆ ವಾಪಸು ಕೊಟ್ಟರು.

“ಸರಿ ಇದೆ” ಅಂದರು. “ಚೆನ್ನಾಗಿ ಬರೆದಿದ್ದೀಯ.”

ಪೆನ್ಸಿಲ್ ತಿರುಗಿ ನೋಡಿದಳು. ಅಡುಗೆಮನೆಯ ಬಾಗಿಲಲ್ಲಿ ಮೇಷ್ಟ್ರ ಹೆಂಡತಿ ತಟ್ಟೆ ಹಿಡಿದು ನಿಂತಿದ್ದರು. ಅವರ ಮುಖ ನೋಡಿದ ಮೇಲೆ ಕೇಳುವುದು ಏನೂ ಉಳಿಯಲಿಲ್ಲ.

“ಓದೋಕಾಗಲ್ಲಮ್ಮ ಅವರಿಗೆ” ಅಂದರು ಆಕೆ, ಚಹಾದ ಲೋಟವನ್ನು ಮೇಜಿನ ಮೇಲಿಡುತ್ತ. “ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಕೈಕಾಲು ಉಳೀತು. ಅಕ್ಷರ ಹೋಯ್ತು. ಮಾತೂ ಪೂರ್ತಿ ಬರಲ್ಲ, ತುಂಡು ತುಂಡು. ಯಾರಿಗೂ ಹೇಳ್ಬೇಡ ಅಂದ್ರು ಇವರು. ನಾನೂ ಬಾಯಿಗೆ ಬೀಗ ಹಾಕ್ಕೊಂಡೆ.”

ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. ಅಷ್ಟು ಪುಸ್ತಕಗಳ ನಡುವೆ ಕೂತ ಆ ಬೆನ್ನನ್ನು ನೋಡಿ ಪೆನ್ಸಿಲ್‌ಗೆ ಯಾರ ಮೇಲೆ ಅಂತ ಗೊತ್ತಿಲ್ಲದ ಒಂದು ಸಿಟ್ಟು ಬಂತು.

ಚರ್ಚೆ ಬರೆದದ್ದು ಹೇಗೆ ಎಂದು ಆಕೆಯೇ ಬಿಡಿಸಿ ಹೇಳಿದರು. ಮುಚ್ಚುಮರೆ ಮಾಡಿ ಮಾಡಿ ಸಾಕಾಗಿತ್ತೋ ಏನೋ, ಶುರುಮಾಡಿದ ಮೇಲೆ ನಿಲ್ಲಿಸಲಿಲ್ಲ. ಮೇಷ್ಟ್ರು ಬೆಳಗ್ಗೆ ಹೊತ್ತು ಚೆನ್ನಾಗಿರುತ್ತಾರೆ. ಆಗ ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡುತ್ತಿದ್ದರು. ನಲವತ್ತೊಂದು ತುಣುಕು. ಆಕೆ ಅದನ್ನು ಕೇಳಿ ಕೇಳಿ ಟೈಪು ಮಾಡಿ ಎಐಗೆ ಕೊಟ್ಟರು: ‘ಇದನ್ನು ಚಿಕ್ಕದಾಗಿ, ಒಂದೇ ಮಾತು ಎರಡು ಸಲ ಬರದ ಹಾಗೆ, ಚೆನ್ನಾಗಿ ಜೋಡಿಸಿ ಬರೆದುಕೊಡು.’ ಅದು ಬರೆದುಕೊಟ್ಟಿತು. ಆಕೆ ಶಾಲೆಯಲ್ಲಿ ಚಿತ್ರಕಲೆ ಕಲಿಸಿದವರು, ಕಿವಿಯ ವಿಜ್ಞಾನ ಅವರದಲ್ಲ. ಓದಿದರು, ಗಂಭೀರವಾಗಿ ಕಂಡಿತು, ಕಳಿಸಿದರು.

“ಕೆಲಸಗಾರರ ಹೆಸರು, ವಿಳಾಸ ಏನಾದ್ರೂ ಅದಕ್ಕೆ ಕೊಟ್ರಾ ಅಮ್ಮ?”

“ಇಲ್ಲ ಇಲ್ಲ. ಇವರ ಮಾತಷ್ಟೇ. ಹೆಸರು ಇವರೂ ಹೇಳಿಲ್ಲ.”

ಪೆನ್ಸಿಲ್ ಒಂದು ಉಸಿರು ಬಿಟ್ಟಳು. ಆಮೇಲೆ ಕೇಳಬೇಕಾದದ್ದನ್ನು ಕೇಳಿದಳು. “ಬಂದಿದ್ದನ್ನ ಸರ್‌ಗೆ ಓದಿ ಹೇಳಿದ್ರಾ?”

ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು. “ಮೊದಲ ಪುಟ ಓದಿದೆ. ಕಣ್ಣಲ್ಲಿ ನೀರು ಬಂತು ಅವರಿಗೆ. ಆಮೇಲೆ ಓದ್ಲಿಲ್ಲ.”

ಎಲ್ಲ ಲೇಖಕರೂ ಓದಿ ಒಪ್ಪಿದ್ದಾರೆ. ಪೆನ್ಸಿಲ್‌ಗೆ ಆ ಸಾಲು ನೆನಪಾಯಿತು. ಎತ್ತಿ ತಂದದ್ದು ಅವಳು, ಹಾಕಿದ್ದೂ ಅವಳು.

ಕಾಲೇಜಿಗೆ ಹಿಂದಿರುಗಿದವಳೇ ಸಂಪಾದಕಿಗೆ ಒಂದು ಪ್ರಶ್ನೆ ಕಳಿಸಿದಳು. ರೋಗದ ಹೆಸರು ಬರೆಯಲಿಲ್ಲ. ಅದನ್ನು ಹೇಳುವ ಹಕ್ಕು ತನಗಿಲ್ಲ ಅನ್ನಿಸಿತು. ಲೇಖಕರೊಬ್ಬರಿಗೆ ಓದಲು ಬೇರೆಯವರ ನೆರವು ಬೇಕಾಗಿದೆ, ಆಗಬಹುದೇ ಎಂದಷ್ಟೇ ಕೇಳಿದಳು. ಉತ್ತರ ಸಂಜೆಯೊಳಗೇ ಬಂತು. ‘ಕಣ್ಣಿನಿಂದಲೇ ಓದಬೇಕು ಎಂದು ನಮ್ಮ ನಿಯಮದಲ್ಲಿಲ್ಲ. ಓದಿ ಹೇಳಿಸಿಕೊಂಡರೂ ಸರಿ. ಯಾಕೆ ಬೇಕಾಯಿತು ಎಂಬುದನ್ನು ನಾವು ಕೇಳುವುದಿಲ್ಲ, ಹೇಳಿಕೆಯಲ್ಲಿ ಬರೆಯುವ ಅಗತ್ಯವೂ ಇಲ್ಲ. ಲೇಖನದಲ್ಲಿ ಏನಿದೆ ಎಂದು ಅವರಿಗೆ ಗೊತ್ತಿರಬೇಕು, ನಾಳೆ ಯಾರಾದರೂ ಕೇಳಿದರೆ ಅದಕ್ಕೆ ಅವರು ಹೊಣೆಯಾಗಬೇಕು. ಅಷ್ಟೇ.’

ಪೆನ್ಸಿಲ್ ಆ ಮೇಲನ್ನು ಎರಡು ಸಲ ಓದಿದಳು. ಬಾಗಿಲು ಮುಚ್ಚಿಲ್ಲ ಎಂದು ಧೈರ್ಯ ಬಂತು. ಓದಿ ಹೇಳಿದರಾಯಿತು, ಇನ್ನೂ ಒಂಬತ್ತು ದಿನ ಇದೆ, ಮೇಷ್ಟ್ರ ಹೆಸರು ಎಲ್ಲೂ ಹೋಗುವುದಿಲ್ಲ.

ಮಾರನೆಯ ದಿನದಿಂದ ಬೆಳಗ್ಗೆ ಎಂಟರಿಂದ ಹತ್ತರವರೆಗೆ ಓದುವುದೆಂದಾಯಿತು. ಮೇಷ್ಟ್ರ ಹೆಂಡತಿ ಆ ನಲವತ್ತೊಂದು ತುಣುಕುಗಳ ಫೋನನ್ನು ಮೇಜಿನ ಮೇಲಿಟ್ಟರು. ಪೆನ್ಸಿಲ್ ಒಂದು ವಾಕ್ಯ ಓದುವುದು, ಮೇಷ್ಟ್ರು ಕೇಳಿಸಿಕೊಳ್ಳುವುದು, ಆ ವಾಕ್ಯ ಹುಟ್ಟಿದ ತುಣುಕನ್ನು ಹುಡುಕಿ ಹಾಕುವುದು. ಅವರದೇ ದನಿ, ಅವರದೇ ತಡವರಿಕೆ. ಆ ತುಣುಕುಗಳನ್ನು ಕೇಳುವುದಿದೆಯಲ್ಲ, ಅದು ಯಾರಿಗೂ ಬೇಡ. ‘ಅದು... ಅದು... ಕಿವಿ... ಅಲ್ಲ, ಕಿವಿಗೆ ಹಾಕೋದು... ಹತ್ತಿ ತರ... ಅದು.’ ಎಐ ಅದನ್ನು ‘ಕಿವಿಬಿರಡೆಗಳು’ ಎಂದು ಒಂದೇ ಪದದಲ್ಲಿ ಮುಗಿಸಿತ್ತು. ಮೇಷ್ಟ್ರು ಪ್ರತಿ ಸಲ ತಲೆ ತಗ್ಗಿಸಿ ಕೇಳಿ, ವಾಕ್ಯ ಸರಿ ಎನ್ನಿಸಿದರೆ ಕುರ್ಚಿಯ ತೋಳಿಗೆ ಬೆರಳಿನಿಂದ ಒಮ್ಮೆ ತಟ್ಟುತ್ತಿದ್ದರು.

ಮೊದಲ ದಿನ ಒಂದು ಕಡೆ ತಟ್ಟಲಿಲ್ಲ. ‘ಕಿವಿಬಿರಡೆಗಳು ಶ್ರವಣ ನಷ್ಟವನ್ನು ತಡೆಯುತ್ತವೆ’ ಎಂದು ಪೆನ್ಸಿಲ್ ಓದಿದ್ದಳು. ಅವರು ಕೈ ಎತ್ತಿದರು.

“ತಡೆಯೋದು... ಯಾರು ಹೇಳಿದ್ದು?”

ತುಣುಕು ಹಾಕಿದರು. ಅದರಲ್ಲಿ ಇದ್ದದ್ದು, ಹಾಕಿಕೊಂಡವರಲ್ಲಿ ನಷ್ಟ ಕಡಿಮೆ ಕಂಡಿತು, ಅಷ್ಟೇ. ಕಡಿಮೆ ಕಂಡದ್ದೇ ಬೇರೆ, ತಡೆಯುತ್ತದೆ ಅನ್ನುವುದೇ ಬೇರೆ. ಇದನ್ನು ಮೊದಲ ವರ್ಷದ ಮಕ್ಕಳಿಗೆ ಪೆನ್ಸಿಲ್ಲೇ ಕಲಿಸುತ್ತಾಳೆ. ನುಣುಪು ಮಾಡುವ ಭರದಲ್ಲಿ ಎಐ ಮಾತನ್ನು ಗಟ್ಟಿ ಮಾಡಿಬಿಟ್ಟಿತ್ತು. ಕಲಿಸುವವಳು ಐದು ಸಲ ಓದಿದ್ದರೂ ಅದು ಕಣ್ಣಿಗೆ ಬಿದ್ದಿರಲಿಲ್ಲ. ಅವಳು ನಾಲಿಗೆ ಕಚ್ಚಿಕೊಂಡು ತಿದ್ದಿಕೊಂಡಳು.

ಎರಡನೇ ದಿನ ಇನ್ನೂ ಕೆಟ್ಟದಾಯಿತು. ಚರ್ಚೆಯ ಕೊನೆಯ ಪ್ಯಾರಾ ಮುಗಿಸಿ ಪೆನ್ಸಿಲ್ ಹಾಳೆ ಕೆಳಗಿಟ್ಟಳು. ಮೇಷ್ಟ್ರು ಇನ್ನೂ ಕಾಯುತ್ತಿದ್ದರು.

“ಮುಗೀತು ಸರ್.”

“ಇಲ್ಲ.” ಅವರು ಅವಳನ್ನೇ ನೋಡಿದರು. “ಹೋದವರು?”

“ಯಾರು ಸರ್?”

“ಹೋದವರು. ಬಿಟ್ಟು... ಬಿಟ್ಟು ಹೋದವರು.” ಬೆರಳು ಮಡಚಿ ಎಣಿಸಲು ನೋಡಿದರು, ಆಗಲಿಲ್ಲ, ಕುರ್ಚಿಯ ತೋಳನ್ನು ಗುದ್ದಿದರು. “ಅವರ ಕಿವಿ! ಅವರ ಕಿವಿ ಹೋಗಿತ್ತು. ಅದಕ್ಕೇ... ಹೋದ್ರು!”

ಪೆನ್ಸಿಲ್‌ಗೆ ಆಗ ಹೊಳೆಯಿತು. ಇನ್ನೂರ ಹದಿನಾಲ್ಕರಲ್ಲಿ ಹನ್ನೊಂದನೇ ವರ್ಷದ ಪರೀಕ್ಷೆಗೆ ಉಳಿದವರು ನೂರ ನಲವತ್ತೇಳು. ಅರವತ್ತೇಳು ಮಂದಿ ನಡುವೆ ಗಿರಣಿ ಬಿಟ್ಟಿದ್ದರು, ಅವರಲ್ಲಿ ಹೆಚ್ಚಿನವರು ಕೆಲಸ ಬಿಟ್ಟದ್ದೇ ಕಿವಿ ಕೇಳಿಸದೆ. ಅಂಥವರನ್ನು ಬಿಟ್ಟು ಲೆಕ್ಕ ಹಾಕಿದರೆ ನಷ್ಟ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಗಿರಣಿಯವರು ಓದಿ ಸಂತೋಷಪಡುವಂಥ ಲೇಖನವಾಗುತ್ತದೆ. ಕೋಷ್ಟಕದಲ್ಲಿ ಆ ಅರವತ್ತೇಳು ಎಂಬ ಅಂಕಿ ಇತ್ತು; ಅದರ ಅರ್ಥ ಹೇಳುವ ಮಾತು ಚರ್ಚೆಯಲ್ಲಿ ಇರಬೇಕಿತ್ತು. ಇರಲಿಲ್ಲ.

ತುಣುಕುಗಳಲ್ಲಿ ಹುಡುಕಿದರು. ಹದಿನೇಳನೆಯದರಲ್ಲಿ ಇತ್ತು. ಇಪ್ಪತ್ಮೂರರಲ್ಲಿ ಇತ್ತು. ಮೂವತ್ತೊಂಬತ್ತರಲ್ಲಿ ಮತ್ತೆ ಇತ್ತು, ಕೂಗಿ ಹೇಳಿದ್ದರು. ಮೂರು ಸಲ ಹೇಳಿದ್ದರಿಂದಲೇ ಹೋಯಿತು. ಒಂದೇ ಮಾತು ಎರಡು ಸಲ ಬರಬಾರದು ಅಂದಿದ್ದರಲ್ಲ, ಕತ್ತರಿಸುವಾಗ ಮೂರನ್ನೂ ಕತ್ತರಿಸಿತ್ತು.

“ನಾನೇ ಹಾಗೆ ಬರೀ ಅಂದಿದ್ದು” ಎಂದು ಮೇಷ್ಟ್ರ ಹೆಂಡತಿ ಅತ್ತರು. “ಜನ ಓದಿ ಇವರಿಗೆ ತಡವರಿಕೆ ಇದೆ ಅನ್ಬಾರ್ದು ಅಂತ.”

“ನಾನೂ ಓದಿದ್ನಲ್ಲ ಅಮ್ಮ” ಅಂದಳು ಪೆನ್ಸಿಲ್. ಸಮಾಧಾನಕ್ಕೆ ಹೇಳಿದ್ದಲ್ಲ. ಕಣ್ಣಿದ್ದವಳು ತಾನು, ಐದು ಸಲ ಓದಿದವಳು ತಾನು. ಕಾಣೆಯಾದದ್ದನ್ನು ಹಿಡಿದದ್ದು ಓದಲು ಬಾರದ ಮನುಷ್ಯ. ಆ ದಿನ ಅಲ್ಲೇ ಕೂತು, ಮೂರೂ ತುಣುಕು ಎದುರಿಗಿಟ್ಟುಕೊಂಡು, ತಾನೇ ಒಂದು ಪ್ಯಾರಾ ಬರೆದಳು. ಓದಿ ಹೇಳಿದಳು. ಮೇಷ್ಟ್ರು ಕುರ್ಚಿಯ ತೋಳನ್ನು ಎರಡು ಸಲ ತಟ್ಟಿದರು.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಸಂತೋಷದ ಕಥೆ ಅನ್ನಬಹುದಿತ್ತು.

ಮೂರನೇ ದಿನ ಫಲಿತಾಂಶದ ಭಾಗ. ವಿಮರ್ಶಕರ ಒತ್ತಾಯಕ್ಕೆ ಹೊಸ ವಿಧಾನದಲ್ಲಿ ಮಾಡಿಸಿದ ಲೆಕ್ಕಾಚಾರವದು. ಮಾಡಿದ್ದು ಮೇಷ್ಟ್ರು ಕಾಯಿಲೆ ಬಿದ್ದ ಮೇಲೆ. ಅವರು ಅದನ್ನು ಎಂದೂ ನೋಡಿರಲಿಲ್ಲ. ಪೆನ್ಸಿಲ್ ಓದಿದಳು. ಅವರು ತಲೆ ತಗ್ಗಿಸಿ ಕೇಳಿದರು. ಬೆರಳು ಅಲುಗಲಿಲ್ಲ. ಇನ್ನೊಮ್ಮೆ ಓದಿದಳು, ಬಿಡಿಸಿ, ಬೋರ್ಡಿನ ಮೇಲೆ ಬರೆದಂತೆ ಕೈಯಾಡಿಸಿ. ಅಲುಗಲಿಲ್ಲ. ನಾಲ್ಕನೇ ದಿನ ಉದಾಹರಣೆ ಕೊಟ್ಟಳು, ಗೆರೆ ಎಳೆದು ಏರಿಳಿತ ತೋರಿಸಿದಳು, ಬೂತಣ್ಣನನ್ನೂ ಕರೆತಂದಳು. ಅವನು ತನ್ನ ಯಂತ್ರದ ಭಾಷೆಯಲ್ಲಿ ಹೇಳಿ ನೋಡಿದ. ಐದನೇ ದಿನವೂ ಅಷ್ಟೇ. ಒಂದು ವಾಕ್ಯ ಹಿಡಿದರೆ ಹಿಂದಿನದು ಜಾರುತ್ತಿತ್ತು. ಒಂದು ಕಾಲಕ್ಕೆ ಇಂಥ ಲೆಕ್ಕವನ್ನು ಊಟದ ಮೇಜಿನಲ್ಲಿ ಬಾಯಲ್ಲೇ ಮಾಡುತ್ತಿದ್ದ ಮನುಷ್ಯ, ಹಣೆಯ ಬೆವರು ಒರೆಸಿಕೊಳ್ಳುತ್ತ ಕೂತಿದ್ದರು.

ಆರನೇ ದಿನ ಅವಳು ಹಾಳೆ ತೆರೆಯುವ ಮುಂಚೆಯೇ ಅವರು ಕೈ ಅಡ್ಡ ಹಿಡಿದರು.

“ಸಾಕು.”

“ಇನ್ನೊಂದ್ಸಲ ನೋಡೋಣ ಸರ್. ಇನ್ನೂ ಮೂರು ದಿನ ಇದೆ.”

“ಯಾರಾದ್ರೂ ಕೇಳಿದ್ರೆ?” ಪದಗಳನ್ನು ಒಂದೊಂದಾಗಿ ಹುಡುಕಿ ಇಟ್ಟರು. “ಈ ಲೆಕ್ಕ... ಸರಿನಾ ಅಂದ್ರೆ? ನಾನು ಏನು ಹೇಳ್ಲಿ?”

“ನಾನು ಹೇಳ್ತೀನಿ ಸರ್. ನನಗೆ ಗೊತ್ತಿದೆ.”

“ನಿನಗೆ ಗೊತ್ತು. ನಿನ್ನ ಹೆಸರು... ಇರಲಿ.” ಎದೆಯ ಮೇಲೆ ಕೈಯಿಟ್ಟುಕೊಂಡರು. “ನನ್ನದು ತೆಗಿ.”

ಪೆನ್ಸಿಲ್ ವಾದ ಮಾಡಿದಳು. ಮನಸ್ಸು ತಡೆಯದೆ ದನಿಯೇರಿಸಿಯೇ ಮಾಡಿದಳು. ಈ ಅಧ್ಯಯನವೇ ನಿಮ್ಮದು, ಹನ್ನೊಂದು ವರ್ಷ ನಿಮ್ಮದು, ಚರ್ಚೆಯ ಒಂದೊಂದು ವಾಕ್ಯ ನೀವು ನೋಡಿ ಒಪ್ಪಿದ್ದೀರಿ, ಯಾರೂ ಬೆರಳು ತೋರಿಸುವ ಹಾಗಿಲ್ಲ ಅಂದಳು. ಲೋಕದಲ್ಲಿ ಎಷ್ಟು ಜನ ತಮ್ಮ ಲೇಖನದ ಲೆಕ್ಕಾಚಾರ ತಿಳಿದು ಸಹಿ ಹಾಕುತ್ತಾರೆ ಅಂದಳು. ಆ ಮಾತು ನಿಜವೇ. ಆದರೆ ಬಾಯಿಂದ ಬಿದ್ದ ಮೇಲೆ ಅವಳಿಗೇ ಅದು ಹೇಸಿಗೆಯಾಗಿ ಕೇಳಿಸಿತು.

ಮೇಷ್ಟ್ರು ಎಲ್ಲವನ್ನೂ ಕೇಳಿದರು. ಕೋಪ ಮಾಡಿಕೊಳ್ಳಲಿಲ್ಲ.

“ಸುಳ್ಳು ಆಗುತ್ತೆ, ಪೆನ್ಸಿಲ್” ಅಂದರು. ಈ ಆರು ದಿನದಲ್ಲಿ ಅಷ್ಟು ಸಲೀಸಾಗಿ ಅವರ ಬಾಯಿಂದ ಇನ್ನೊಂದು ಮಾತು ಬಂದಿರಲಿಲ್ಲ.

ಅವರ ಹೆಂಡತಿ ಎದ್ದು ಒಳಗೆ ಹೋದರು. ಒಳಗಿನಿಂದ ನಲ್ಲಿ ಬಿಟ್ಟ ಸದ್ದು ಬಂತು, ತುಂಬ ಹೊತ್ತು ನಿಲ್ಲಲಿಲ್ಲ.

ಲೇಖಕರ ಪಟ್ಟಿ ಬದಲಿಸಬೇಕೆಂದರೆ ಜರ್ನಲ್‌ನವರದೊಂದು ಫಾರಂ ಇದೆ. ಹೆಸರು ತೆಗೆಯುವ ಕಾರಣ ಬರೆಯಬೇಕು, ಉಳಿದ ಲೇಖಕರೂ ಹೋಗುವ ಲೇಖಕರೂ ಒಪ್ಪಿ ಸಹಿ ಹಾಕಬೇಕು. ಕಾರಣದ ಜಾಗದಲ್ಲಿ ಪೆನ್ಸಿಲ್ ಬಹಳ ಹೊತ್ತು ತಡೆದಳು. ಕೊನೆಗೆ ‘ಅಂತಿಮ ಪಠ್ಯದ ಒಂದು ಭಾಗಕ್ಕೆ ತಾವು ಹೊಣೆಯಾಗಲು ಸಾಧ್ಯವಿಲ್ಲವೆಂದು ಅವರೇ ತೀರ್ಮಾನಿಸಿದ್ದಾರೆ’ ಎಂದು ಬರೆದಳು. ಬೂತಣ್ಣ ಸಹಿ ಹಾಕಿ, ಪೆನ್ನು ಮುಚ್ಚದೆ ಮೇಜಿನ ಮೇಲಿಟ್ಟು ಹೊರಗೆ ಹೋಗಿಬಿಟ್ಟ.

ಮೇಷ್ಟ್ರ ಒಪ್ಪಿಗೆಯನ್ನು ಎಂದಿನಂತೆ ಹೆಂಡತಿ ಮೇಲ್‌ನಲ್ಲಿ ಟೈಪು ಮಾಡಿ ಕಳಿಸಬಹುದಿತ್ತು. ಅವರು ಬೇಡವೆಂದರು, ಪೆನ್ನು ಕೇಳಿದರು. ಓದಲಾಗದವರಿಗೆ ಕೆಲವೊಮ್ಮೆ ಬರೆಯುವ ಕೈ ಮಾತ್ರ ಉಳಿದಿರುತ್ತದಂತೆ. ವೈದ್ಯರು ಹೇಳಿದ್ದರಂತೆ, ಯಾರೂ ಪರೀಕ್ಷಿಸಿ ನೋಡಿರಲಿಲ್ಲ. ಪೆನ್ಸಿಲ್ ಜಾಗ ತೋರಿಸಿದಳು. ಮೇಷ್ಟ್ರು ಹಳೆಯ ಸಹಿಯನ್ನೇ, ಕೊನೆಯ ಸುರುಳಿ ಸಮೇತ, ಒಂದೇ ಎಳೆತದಲ್ಲಿ ಹಾಕಿದರು. ಹಾಕಿ, ಅದೇನು ಬರೆದಿದೆ ಎಂದು ತಿಳಿಯದೆ ಅದನ್ನೇ ನೋಡುತ್ತ ಕೂತರು.

ಆಮೇಲೆ ಹೇಳಿಕೆ ಬರೆಯುವುದು ಕಷ್ಟವಾಗಲಿಲ್ಲ. ಮುಚ್ಚಿಡುವುದಕ್ಕೆ ಏನೂ ಇಲ್ಲದಿದ್ದರೆ ವಾಕ್ಯಗಳು ತಾವಾಗಿಯೇ ಚಿಕ್ಕದಾಗುತ್ತವೆ. ಉಪಕರಣದ ಹೆಸರು, ಆವೃತ್ತಿ ಹಾಕಿ ಅವಳು ಬರೆದಳು:

‘ಪೀಠಿಕೆಯ ಭಾಷೆಯನ್ನು ತಿದ್ದಲು ಫೆಬ್ರವರಿಯಲ್ಲಿ, ಚರ್ಚೆಯ ಭಾಗದ ಮೌಖಿಕ ಟಿಪ್ಪಣಿಗಳನ್ನು ವಾಕ್ಯಗಳಾಗಿ ಜೋಡಿಸಲು ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಈ ಉಪಕರಣವನ್ನು ಬಳಸಲಾಗಿದೆ. ದತ್ತಾಂಶ, ಲೆಕ್ಕಾಚಾರ, ಕೋಷ್ಟಕ, ಚಿತ್ರಗಳಿಗೆ ಬಳಸಿಲ್ಲ. ಬಂದ ಪಠ್ಯವನ್ನು ಮೂಲ ಧ್ವನಿಮುದ್ರಣಗಳೊಂದಿಗೆ ವಾಕ್ಯವಾಕ್ಯವಾಗಿ ಹೋಲಿಸಿ, ಬಿಟ್ಟುಹೋದದ್ದನ್ನು ಸೇರಿಸಿ, ತಪ್ಪಿದ್ದನ್ನು ತಿದ್ದಲಾಗಿದೆ. ಇಬ್ಬರು ಲೇಖಕರೂ ಅಂತಿಮ ಪಠ್ಯವನ್ನು ಓದಿ ಒಪ್ಪಿ ಅದರ ಪೂರ್ತಿ ಹೊಣೆ ಹೊತ್ತಿದ್ದಾರೆ.’

‘ಇಬ್ಬರು’ ಎಂದು ಬರೆಯುವಾಗ ಮಾತ್ರ ಕೈ ನಿಂತಿತು.

ಇನ್ನುಳಿದದ್ದು ಕೃತಜ್ಞತೆಯ ಸಾಲು. ಯಂತ್ರ ಮಾಡಿದ್ದು ಹೇಳಿಕೆಯಲ್ಲಿ, ಮನುಷ್ಯರು ಮಾಡಿದ್ದು ಕೃತಜ್ಞತೆಯಲ್ಲಿ. ಮೇಷ್ಟ್ರ ಹೆಂಡತಿ ಟೈಪು ಮಾಡಿದ್ದೂ ಅಲ್ಲೇ ಬರಬೇಕು. ಅಲ್ಲಿ ಯಾರ ಹೆಸರು ಬರುತ್ತದೋ ಅವರೂ ಒಪ್ಪಬೇಕು ಎಂಬುದು ನಿಯಮ. ದೊಡ್ಡ ದೊಡ್ಡ ಪದಗಳು ಅವಳ ತಲೆಗೆ ಬಂದವು, ಒಂದೊಂದಾಗಿ ಹೋದವು. ಗಡುವಿನ ಹತ್ತನೇ ದಿನ ಬೆಳಗ್ಗೆ ಒಂದು ಹಾಳೆ ಹಿಡಿದು ಮೇಷ್ಟ್ರ ಎದುರು ಕೂತಳು.

“ಸರ್, ನಿಮ್ಮ ಬಗ್ಗೆ ಬರೆದಿದ್ದೀನಿ. ಕೇಳಿ, ಸರಿಯಾ ಹೇಳಿ.” ಹೆಸರು ಓದಿ ಮುಂದುವರಿಸಿದಳು. “‘ಈ ಅಧ್ಯಯನವನ್ನು ಯೋಜಿಸಿದವರು, ಹನ್ನೊಂದು ವರ್ಷ ನಡೆಸಿದವರು ಅವರು. ಚರ್ಚೆಯ ಭಾಗ ಅವರ ಮಾತುಗಳಿಂದ ಬಂದಿದೆ. ಗಿರಣಿ ಬಿಟ್ಟ ಅರವತ್ತೇಳು ಮಂದಿಯನ್ನು ಈ ಲೇಖನ ಮರೆಯದಂತೆ ನೋಡಿಕೊಂಡವರೂ ಅವರೇ.’”

ಮೇಷ್ಟ್ರು ತಲೆ ತಗ್ಗಿಸಿ ಕೇಳಿದರು. ಕುರ್ಚಿಯ ತೋಳಿಗೆ ತಟ್ಟಲಿಲ್ಲ. ಎಲ್ಲೋ ತಪ್ಪಾಗಿದೆ, ಏನೋ ಬಿಟ್ಟಿದ್ದೇನೆ ಎಂದು ಅವಳಿಗೆ ಅನ್ನಿಸಿತು.

“ಇನ್ನೊಂದ್ಸಲ ಓದು” ಅಂದರು.

ಓದಿದಳು.

“ಏನು ತಪ್ಪಿದೆ ಸರ್?”

“ತಪ್ಪಿಲ್ಲ.” ಅವರು ಕಣ್ಣು ಮುಚ್ಚಿಕೊಂಡರು. “ಓದು.”

ಮೂರನೇ ಸಲ ಅವರ ಹೆಸರಿನಿಂದ ಮುಂದೆ ಓದಲು ಅವಳಿಗೆ ಆಗಲಿಲ್ಲ. ಮೇಷ್ಟ್ರ ಹೆಂಡತಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು, ಅವಳ ಕೈಯಿಂದ ಹಾಳೆ ತೆಗೆದುಕೊಂಡು, ಗಂಡನ ಪಕ್ಕದಲ್ಲಿ ಕೂತು, ಮೊದಲಿಂದ ಓದತೊಡಗಿದರು.